ಮಾತ್ರೆ ನಿಂತ ಜಿಲ್ಲೆಯಲ್ಲಿ ಊತ ಉಳಿದಿರುತ್ತೆ: ಹೈಡ್ರೋಸಿಲ್ ಎಂಬ ಲೆಕ್ಕಕ್ಕೆ ಸಿಗದ ಕಾಯಿಲೆ

ಒಂದು ಜಿಲ್ಲೆಯಲ್ಲಿ ಆನೆಕಾಲು ರೋಗ ಹರಡೋದು ನಿಂತಿದೆಯಾ ಇಲ್ಲವಾ ಅಂತ ತೀರ್ಮಾನಿಸೋದು ಹೇಗೆ ಗೊತ್ತಾ? ಆರೇಳು ವರ್ಷದ ಮಕ್ಕಳ ಬೆರಳ ತುದಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷೆ ಮಾಡ್ತಾರೆ. ಆ ಮಕ್ಕಳು ಹುಟ್ಟಿದ್ದು ಸಾಮೂಹಿಕ ಮಾತ್ರೆ ವಿತರಣೆ ಶುರುವಾದ ಮೇಲೆ. ಅವರ ರಕ್ತದಲ್ಲಿ ಹುಳುವಿನ ಕುರುಹು ನಿಗದಿತ ಮಿತಿಗಿಂತ ಕಡಿಮೆ ಇದ್ದರೆ, ಸೊಳ್ಳೆಯಿಂದ ಮನುಷ್ಯನಿಗೆ, ಮನುಷ್ಯನಿಂದ ಸೊಳ್ಳೆಗೆ ಸಾಗುತ್ತಿದ್ದ ಸರಪಳಿ ಕಡಿದಿದೆ ಎಂದರ್ಥ. ಮಾತ್ರೆ ಕೊಡೋದನ್ನು ನಿಲ್ಲಿಸಬಹುದು. ಅಳತೆಯ ವಿಧಾನವಾಗಿ ಇದರಲ್ಲಿ ತಪ್ಪೇನೂ ಇಲ್ಲ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದು ಅಚ್ಚುಕಟ್ಟಾದ ಅಳತೆ ಅಂತಲೇ ಅನ್ನಿಸುತ್ತೆ.

ಆದರೆ ಈ ಅಳತೆ ಹೇಳೋದು ಮುಂದೆ ರೋಗ ಬರುತ್ತಾ ಅನ್ನೋದನ್ನು ಮಾತ್ರ. ಇಪ್ಪತ್ತು ವರ್ಷದ ಹಿಂದೆ ಸೊಳ್ಳೆ ಕಚ್ಚಿಸಿಕೊಂಡು, ಈಗ ನಲವತ್ತನೇ ವಯಸ್ಸಿನಲ್ಲಿ ಬೀಜ ಊದಿಸಿಕೊಂಡು ಓಡಾಡುತ್ತಿರುವ ಗಂಡಸು ಆ ಲೆಕ್ಕದಲ್ಲಿ ಬರೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಆನೆಕಾಲು ಹುಳುವಿನಿಂದ ಹೈಡ್ರೋಸಿಲ್ ಆದ ಗಂಡಸರು ಜಗತ್ತಿನಲ್ಲಿ ಸುಮಾರು 2.5 ಕೋಟಿ. ಕಾಲು ಊದಿಕೊಂಡವರು ಸುಮಾರು 1.5 ಕೋಟಿ. ರೋಗದ ಹೆಸರು ಕಾಲಿನದು, ಆದರೆ ಹೆಚ್ಚು ಜನರಿಗೆ ತೊಂದರೆ ಆಗಿರೋದು ಪಂಚೆಯ ಒಳಗೆ. ನಾವು ಅದರ ಬಗ್ಗೆ ಮಾತಾಡಲ್ಲ, ಅಷ್ಟೇ.

ಆಲಂಕಾರಿಗೂ ಇದಕ್ಕೂ ಏನು ಸಂಬಂಧ

ಕರ್ನಾಟಕದಲ್ಲಿ ಆನೆಕಾಲು ರೋಗ ಬೇರು ಬಿಟ್ಟ ಜಿಲ್ಲೆಗಳು ಎರಡು ಗುಂಪಿನಲ್ಲಿವೆ. ಒಂದು ಕರಾವಳಿ: ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ. ಇನ್ನೊಂದು ಉತ್ತರದ ಬಯಲು: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ. 2004ರಲ್ಲಿ ದೇಶದಾದ್ಯಂತ ವರ್ಷಕ್ಕೊಮ್ಮೆ ಮಾತ್ರೆ ಕೊಡುವ ಕಾರ್ಯಕ್ರಮ ಶುರುವಾಯಿತು. ಕರಾವಳಿಯಲ್ಲಿ ಅದು ಫಲ ಕೊಟ್ಟು, ಈಗ ನಿಂತಿದೆ. ಉತ್ತರದಲ್ಲಿ ಇನ್ನೂ ಎಳೆದಾಡುತ್ತಿದೆ. ಎರಡರ ಬದಲು ಮೂರು ಮಾತ್ರೆ ಒಟ್ಟಿಗೆ ಕೊಡೋದು ಸುರಕ್ಷಿತವೇ ಅಂತ ಐದು ದೇಶಗಳಲ್ಲಿ ಅಧ್ಯಯನ ನಡೆದಾಗ ಭಾರತದ ಭಾಗ ನಡೆದದ್ದು ಯಾದಗಿರಿ ಜಿಲ್ಲೆಯಲ್ಲಿ.

ಕಡಬ ತಾಲೂಕಿನ ಆಲಂಕಾರು ಮೊದಲ ಗುಂಪಿನ ಜಿಲ್ಲೆಯ ಊರು. ಅಡಕೆ, ರಬ್ಬರು, ತೆಂಗು. ತೋಟದ ಮಧ್ಯೆ ದೂರ ದೂರ ಮನೆಗಳು. ಇಲ್ಲಿ ಸೊಳ್ಳೆ ಅಂದರೆ ಜನಕ್ಕೆ ನೆನಪಾಗೋದು ಡೆಂಗಿ. ಅಡಕೆ ಹಾಳೆಯಲ್ಲಿ, ರಬ್ಬರಿನ ಚಿಪ್ಪಿನಲ್ಲಿ ನಿಂತ ಮಳೆನೀರಲ್ಲಿ ಹುಟ್ಟುವ ಸೊಳ್ಳೆ ಅದು. ಆನೆಕಾಲಿನ ಹುಳುವನ್ನು ಹೊರುವ ಕ್ಯುಲೆಕ್ಸ್ ಬೇರೆ ಜಾತಿ. ಅದಕ್ಕೆ ಚರಂಡಿ, ಶೌಚದ ಗುಂಡಿಯಂಥ ಕೊಳಕು ನೀರು ಬೇಕು. ಹಾಗಾಗಿ ಈ ಜಿಲ್ಲೆಯಲ್ಲಿ ರೋಗದ ಹಳೆಯ ನೆಲೆ ಮಂಗಳೂರು ಪೇಟೆ. ತೋಟದ ಊರುಗಳಿಗೆ ಅದು ಅಷ್ಟು ಪರಿಚಿತವಲ್ಲ.

ಆದರೆ ಜನ ಓಡಾಡುತ್ತಾರೆ. ಕೆಂಪುಕಲ್ಲಿನ ಕೋರೆ, ರಸ್ತೆ, ಮನೆ ಕಟ್ಟುವ ಕೆಲಸಕ್ಕೆ ಘಟ್ಟದ ಮೇಲಿಂದ, ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶದಿಂದ ಬರುವವರಲ್ಲಿ ಎಷ್ಟೋ ಮಂದಿ ಬೆಳೆದದ್ದು ಆನೆಕಾಲು ಇರುವ ಊರುಗಳಲ್ಲಿ. ಇಲ್ಲಿನ ಕುಟುಂಬಗಳಲ್ಲೂ ಹಿಂದೆ ಮಂಗಳೂರಿನ ಹೋಟೆಲ್, ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದು ವಾಪಸ್ ಬಂದವರಿದ್ದಾರೆ.

ಒಳಗೆ ಆಗೋದು ಏನು

ಪ್ರತಿ ವೃಷಣದ ಸುತ್ತ ಎರಡು ಪದರದ ತೆಳು ಚೀಲ ಇರುತ್ತೆ. ಎರಡು ಪದರದ ಮಧ್ಯೆ ಸ್ವಲ್ಪವೇ ದ್ರವ, ಉಜ್ಜಾಟ ಆಗದಿರಲಿ ಅಂತ. ದ್ರವ ಜಿನುಗುತ್ತಾ ಇರುತ್ತೆ, ದುಗ್ಧನಾಳಗಳು ಅದನ್ನು ಹೀರಿಕೊಳ್ಳುತ್ತಾ ಇರುತ್ತವೆ. ದುಗ್ಧನಾಳ ಅಂದರೆ ದೇಹದ ಒಳಚರಂಡಿ ಅಂದುಕೊಳ್ಳಿ. ಆನೆಕಾಲಿನ ದೊಡ್ಡ ಹುಳು ಮನೆ ಮಾಡೋದು ಇದೇ ನಾಳಗಳಲ್ಲಿ; ಗಂಡಸರಲ್ಲಿ ಅದಕ್ಕೆ ಇಷ್ಟವಾದ ಜಾಗ ವೃಷಣಕ್ಕೆ ಹೋಗುವ ನಾಳಗಳು. ಅಲ್ಲಿ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತೆ. ನಾಳ ಹಿಗ್ಗುತ್ತೆ, ಅದರ ಕವಾಟಗಳು ಕೆಡುತ್ತವೆ, ಹೀರುವ ಕೆಲಸ ಕುಂಟುತ್ತೆ, ಚೀಲದಲ್ಲಿ ದ್ರವ ನಿಲ್ಲುತ್ತೆ. ಇದೇ ಹೈಡ್ರೋಸಿಲ್.

ಇಲ್ಲಿ ನೆನಪಿಡಬೇಕಾದ್ದು ಒಂದೇ: ಹುಳು ಸತ್ತ ಮೇಲೂ ಕೆಟ್ಟ ನಾಳ ಕೆಟ್ಟೇ ಇರುತ್ತೆ. ರೋಗಾಣು ಹೋಗಿಯೂ ಊತ ಉಳಿಯೋದಕ್ಕೆ, ಕೆಲವರಲ್ಲಿ ವರ್ಷಗಳ ನಂತರ ಬೆಳೆಯೋದಕ್ಕೆ ಇದೇ ಕಾರಣ. ಇದು ಲೈಂಗಿಕ ಸಂಪರ್ಕದಿಂದ ಬರುವ ಕಾಯಿಲೆ ಅಲ್ಲ, ಹೆಂಡತಿಗೆ ಹರಡೋದೂ ಇಲ್ಲ. ಬಸ್ ಸ್ಟ್ಯಾಂಡ್ ಗೋಡೆಯ "ಗುಪ್ತರೋಗ" ಜಾಹೀರಾತಿಗೂ ಇದಕ್ಕೂ ಸಂಬಂಧವಿಲ್ಲ.

ಎಲ್ಲ ಊತವೂ ಹೈಡ್ರೋಸಿಲ್ ಅಲ್ಲ

ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 38. ಸುರಪುರದ ಕಡೆಯವರು, ಆಲಂಕಾರಿನ ಹತ್ತಿರ ಕೆಂಪುಕಲ್ಲು ಹೊರುವ ಕೆಲಸ. ಬಲಗಡೆ ಬೀಜ ಐದಾರು ವರ್ಷದಿಂದ ನಿಧಾನಕ್ಕೆ ಊದಿ ಈಗ ತೆಂಗಿನಕಾಯಿಯಷ್ಟಾಗಿದೆ. ನೋವಿಲ್ಲ, ಭಾರ ಇದೆ. ನಡೆದರೆ ತೊಡೆಸಂದು ಉಜ್ಜಿ ಗಾಯ ಆಗುತ್ತೆ. ಜೊತೆಯವರು "ಅದು ಹರ್ನಿಯಾ, ಭಾರ ಎತ್ತಿದ್ದಕ್ಕೆ" ಅಂತಾರೆ. ಇವರು ಆಸ್ಪತ್ರೆಗೆ ಹೋದರೆ ವೈದ್ಯರು ಏನೇನು ನೋಡ್ತಾರೆ?

ಮೊದಲು ಕೇಳೋದು: ಎಷ್ಟು ಬೇಗ ಬಂತು? ಉಳಿದ ಎಲ್ಲಕ್ಕಿಂತ ಈ ಪ್ರಶ್ನೆ ಮುಖ್ಯ. ಹುಡುಗನಿಗೆ, ಯುವಕನಿಗೆ ಇದ್ದಕ್ಕಿದ್ದಂತೆ ಒಂದು ಕಡೆ ವಿಪರೀತ ನೋವು ಬಂದು, ವಾಂತಿಯಾಗಿ, ಬೀಜ ಮೇಲಕ್ಕೆ ಸೇರಿಕೊಂಡಂತೆ ಇದ್ದರೆ ಅದು ವೃಷಣ ತಿರುಚಿಕೊಂಡಿರೋದು. ರಕ್ತ ನಿಂತಿರುತ್ತೆ. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು. ಆಮೇಲೆ ಗಂಟೆ ಗಂಟೆಗೂ ಕಡಿಮೆ. ಇದಕ್ಕೆ ಬೆಳಗಾಗಲಿ ಅಂತ ಕಾಯಬಾರದು, ನೇರ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಬೇಕು. ಒಂದೆರಡು ದಿನದಲ್ಲಿ ಏರಿದ ನೋವು, ಜ್ವರ, ಉರಿಮೂತ್ರ ಇದ್ದರೆ ಸೋಂಕು ಇರಬಹುದು. ನಮ್ಮ ಕಾರ್ಮಿಕರದು ಐದಾರು ವರ್ಷದ ನೋವಿಲ್ಲದ ಊತ. ಹೈಡ್ರೋಸಿಲ್ ಕಡೆಗೆ ಮೊದಲ ಸುಳಿವು ಇದು.

ಎರಡನೆಯದು: ಊತದ ಮೇಲ್ತುದಿ ಸಿಗುತ್ತಾ? ವೈದ್ಯರು ಊತದ ಮೇಲ್ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳ ಮಧ್ಯೆ ಹಿಡಿದು ನೋಡ್ತಾರೆ. ಹೈಡ್ರೋಸಿಲ್ ಆದರೆ ಊತ ಚೀಲದೊಳಗೇ ಮುಗಿದು, ಮೇಲೆ ವೃಷಣದ ಬಳ್ಳಿ ಮಾತ್ರ ಬೆರಳಿಗೆ ಸಿಗುತ್ತೆ. ಹರ್ನಿಯಾ ಆದರೆ ಊತ ತೊಡೆಸಂದಿನಿಂದಲೇ ಇಳಿದಿರುತ್ತೆ, ಮೇಲ್ತುದಿ ಸಿಗಲ್ಲ. ಕೆಮ್ಮಿದರೆ ಬೆರಳಿಗೆ ತಳ್ಳಿದಂತಾಗುತ್ತೆ, ಮಲಗಿದರೆ ಸಾಮಾನ್ಯವಾಗಿ ಒಳಗೆ ಹೋಗುತ್ತೆ. ಒಳಗೆ ಹೋಗುತ್ತಿದ್ದ ಹರ್ನಿಯಾ ಒಂದು ದಿನ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಬಂದರೆ ಕರುಳು ಸಿಕ್ಕಿಕೊಂಡಿದೆ, ಅದೂ ತುರ್ತು. ನಮ್ಮ ಕಾರ್ಮಿಕರಿಗೆ ಮೇಲ್ತುದಿ ಸಿಕ್ಕಿತು, ಕೆಮ್ಮಿದರೆ ಬದಲಾವಣೆ ಇಲ್ಲ. ಅಂದರೆ ಜೊತೆಯವರು ಹೇಳಿದ ಹರ್ನಿಯಾ ಅಲ್ಲ. ಆದರೆ ಎರಡೂ ಒಟ್ಟಿಗೆ ಇರುವ ಜನರೂ ಇದ್ದಾರೆ, ಹಾಗಾಗಿ ಇಬ್ಬದಿಯೂ ನೋಡಲೇಬೇಕು.

ಮೂರನೆಯದು: ಬೆಳಕು ಹಾಯುತ್ತಾ? ಕತ್ತಲೆ ಕೋಣೆಯಲ್ಲಿ ಊತಕ್ಕೆ ಟಾರ್ಚ್ ಒತ್ತಿ ಹಿಡಿದರೆ ಒಳಗಿರೋದು ತಿಳಿ ದ್ರವವಾದರೆ ಇಡೀ ಚೀಲ ಕೆಂಪಗೆ ಹೊಳೆಯುತ್ತೆ. ಮೊಬೈಲಿನ ಟಾರ್ಚೇ ಸಾಕು. ಆದರೆ ಆನೆಕಾಲಿನ ಊತದಲ್ಲಿ ಈ ಪರೀಕ್ಷೆ ಕೈಕೊಡುತ್ತೆ. ಹಳೆಯ ಹೈಡ್ರೋಸಿಲ್‌ನ ಗೋಡೆ ದಪ್ಪಗಾಗಿರಬಹುದು, ದುಗ್ಧರಸ ಸೇರಿ ದ್ರವ ಹಾಲಿನಂತೆ ಆಗಿರಬಹುದು, ರಕ್ತ ಸೇರಿರಬಹುದು. ಆಗ ಬೆಳಕು ಹಾಯಲ್ಲ. ಹೊಳೆದರೆ ದ್ರವ ಇದೆ ಅನ್ನಬಹುದು. ಹೊಳೆಯದಿದ್ದರೆ ಹೈಡ್ರೋಸಿಲ್ ಅಲ್ಲ ಅನ್ನೋಕಾಗಲ್ಲ.

ನಾಲ್ಕನೆಯದು: ವೃಷಣ ಬೇರೆಯಾಗಿ ಕೈಗೆ ಸಿಗುತ್ತಾ? ವೃಷಣ ಸರಿಯಾಗಿದ್ದು ಅದರ ಮೇಲೆ ಪ್ರತ್ಯೇಕ ಗಂಟು ಸಿಕ್ಕರೆ ಸಾಮಾನ್ಯವಾಗಿ ಅದು ನೀರುಗುಳ್ಳೆ. ನಿಂತಾಗ ಎಡಗಡೆ ಹುಳುಗಳ ಗಂಟಿನಂತೆ ಸಿಕ್ಕಿ, ಮಲಗಿದರೆ ಇಳಿದರೆ ಅದು ಉಬ್ಬಿದ ರಕ್ತನಾಳ. ವೃಷಣದಲ್ಲೇ ಗಟ್ಟಿಯಾದ, ನೋವಿಲ್ಲದ ಗಂಟು ಇದ್ದರೆ ಕ್ಯಾನ್ಸರ್ ಇಲ್ಲ ಅಂತ ಖಚಿತವಾಗುವವರೆಗೆ ಬಿಡಬಾರದು. ಅದು ಬರೋದು ಹೆಚ್ಚಾಗಿ 15ರಿಂದ 40ರ ವಯಸ್ಸಿನಲ್ಲಿ. ತೊಂದರೆ ಏನೆಂದರೆ, ದೊಡ್ಡ ಹೈಡ್ರೋಸಿಲ್ ಇದ್ದಾಗ ಒಳಗಿನ ವೃಷಣ ಕೈಗೆ ಸಿಗೋದೇ ಇಲ್ಲ. ಗಡ್ಡೆ ಇದ್ದರೂ ದ್ರವದ ಹಿಂದೆ ಅಡಗಿರುತ್ತೆ. ನಮ್ಮ ಕಾರ್ಮಿಕರಿಗೆ ವಯಸ್ಸು 38, ವೃಷಣ ಸಿಗುತ್ತಿಲ್ಲ. ಆದ್ದರಿಂದ ಅಲ್ಟ್ರಾಸೌಂಡ್ ಬೇಕು. ಅದರಲ್ಲಿ ವೃಷಣ ಸರಿಯಾಗಿದೆಯಾ ಅಂತ ಕಾಣುತ್ತೆ. ಹಿಗ್ಗಿದ ನಾಳದಲ್ಲಿ ಜೀವಂತ ಹುಳು ಒದ್ದಾಡುತ್ತಿದ್ದರೆ ಅದೂ ಪರದೆಯ ಮೇಲೆ ಕಾಣುತ್ತೆ. ವೈದ್ಯರು ಅದನ್ನು ಫೈಲೇರಿಯಾ ಡ್ಯಾನ್ಸ್ ಅಂತಲೇ ಕರೀತಾರೆ.

ಇಷ್ಟರ ಜೊತೆ ಚರ್ಮವನ್ನೂ ನೋಡಬೇಕು. ಒಳಗೆ ನೀರು ತುಂಬದೆ ಚೀಲದ ಚರ್ಮವೇ ದಪ್ಪಗೆ, ಒರಟಾಗಿ ಊದಿದ್ದರೆ ಅದು ಆನೆಕಾಲಿನದ್ದೇ ಇನ್ನೊಂದು ರೂಪ. ಅದರ ಆಪರೇಷನ್ ಬೇರೆ, ಕಷ್ಟದ್ದು. ಎರಡೂ ಕಾಲು, ಹೊಟ್ಟೆ, ಚೀಲ ಎಲ್ಲ ಒಟ್ಟಿಗೆ ಊದಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ಕಡೆ ನೋಡಬೇಕು.

ರಕ್ತ ಪರೀಕ್ಷೆ "ನೆಗೆಟಿವ್" ಬಂದರೆ?

ಹುಳುವಿನ ಮರಿಗಳು ರಕ್ತಕ್ಕೆ ಬರೋದು ರಾತ್ರಿ, ಸೊಳ್ಳೆ ಕಚ್ಚುವ ಹೊತ್ತಿಗೆ. ಹಾಗಾಗಿ ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆಗೆ ರಾತ್ರಿ ಸುಮಾರು 10ರಿಂದ 2ರೊಳಗೆ ರಕ್ತ ತೆಗೀಬೇಕು. ಮಧ್ಯಾಹ್ನ ಓಪಿಡಿಯಲ್ಲಿ ತೆಗೆದ ರಕ್ತದಲ್ಲಿ ಏನೂ ಕಾಣಲಿಲ್ಲ ಅಂದರೆ ಅದಕ್ಕೆ ಅರ್ಥವಿಲ್ಲ. ದೊಡ್ಡ ಹುಳುವಿನ ಕುರುಹು ಹಿಡಿಯುವ, ಬೆರಳು ಚುಚ್ಚಿ ಮಾಡುವ ಸ್ಟ್ರಿಪ್ ಪರೀಕ್ಷೆಯನ್ನು ಮಾತ್ರ ಯಾವ ಹೊತ್ತಿನಲ್ಲಾದರೂ ಮಾಡಬಹುದು.

ಆದರೆ ಹೈಡ್ರೋಸಿಲ್ ಆದ ಎಷ್ಟೋ ಜನರಲ್ಲಿ ಎರಡೂ ನೆಗೆಟಿವ್ ಬರುತ್ತೆ, ಯಾಕಂದರೆ ಹುಳು ಸತ್ತು ವರ್ಷಗಳಾಗಿರುತ್ತವೆ. ಊತಕ್ಕೆ ಆನೆಕಾಲು ಕಾರಣ ಅನ್ನೋದನ್ನು ಆಗ ಹೇಳೋದು ಆ ಮನುಷ್ಯ ಬೆಳೆದ ಊರು. ವೈದ್ಯರು "ಎಷ್ಟು ವರ್ಷ ಎಲ್ಲಿದ್ದಿರಿ, ವರ್ಷಕ್ಕೊಮ್ಮೆ ಕೊಡುವ ಮಾತ್ರೆ ತಗೊಂಡಿದ್ದೀರಾ" ಅಂತ ಕೇಳಬೇಕು. ಕೇಳದಿದ್ದರೆ ನಾವೇ ಹೇಳಬೇಕು.

ಇದರಲ್ಲೇ ಇನ್ನೊಂದು ಮಾತಿದೆ. "ಘಟ್ಟದವರು ರೋಗ ತರ್ತಾರೆ" ಅನ್ನುವ ಮಾತು ಕೇಳಿಬಂದಾಗ ನೆನಪಿಡಿ: ಊತ ಕಾಣುವವನ ರಕ್ತದಲ್ಲಿ ಹೆಚ್ಚಿನ ಸಲ ಮರಿಗಳೇ ಇರಲ್ಲ. ಸೊಳ್ಳೆಗೆ ಮರಿ ದಾಟಿಸುವವರಲ್ಲಿ ಹೆಚ್ಚಿನವರು ಯಾವ ಲಕ್ಷಣವೂ ಇಲ್ಲದ ಆರೋಗ್ಯವಂತರಂತೆ ಕಾಣುವವರು. ಒಂದೆರಡು ಕಡಿತಕ್ಕೆ ಈ ರೋಗ ಬರೋದೂ ಇಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೋಂಕಿನ ಸೊಳ್ಳೆ ಕಚ್ಚಬೇಕು. ಊತ ಇರುವವನನ್ನು ಶೆಡ್ಡಿನಿಂದ ಹೊರಗೆ ಹಾಕೋದರಿಂದ ಯಾರಿಗೂ ರಕ್ಷಣೆ ಸಿಗಲ್ಲ.

ಮಾತ್ರೆ, ಸೂಜಿ, ಕತ್ತರಿ

ಪರೀಕ್ಷೆಯಲ್ಲಿ ಹುಳು ಇದೆ ಅಂತ ಬಂದರೆ ಡಿಇಸಿ ಮಾತ್ರೆ ಕೊಡ್ತಾರೆ, ರೂಢಿಯಲ್ಲಿ ತೂಕಕ್ಕೆ ತಕ್ಕಂತೆ 12 ದಿನ. ಹುಳು ಸಾಯುವಾಗ ಜ್ವರ, ಚೀಲದಲ್ಲಿ ನೋಯುವ ಸಣ್ಣ ಗಂಟು ಬರಬಹುದು; ಅದಕ್ಕೆ ಹೆದರಿ ಮಾತ್ರೆ ಬಿಡದೆ ವೈದ್ಯರಿಗೆ ತೋರಿಸಬೇಕು. ಈ ಮಾತ್ರೆ ಸೋಂಕನ್ನು ತೆಗೆಯುತ್ತೆ. ತೆಂಗಿನಕಾಯಿಯಷ್ಟಾದ ಊತ ಮಾತ್ರ ಅದರಿಂದ ಇಳಿಯಲ್ಲ. "ಮಾತ್ರೆ ತಗೊಂಡೆ, ಏನೂ ಆಗಲಿಲ್ಲ" ಅಂತ ಜನ ನಂಬಿಕೆ ಕಳಕೊಳ್ಳೋದು ಇಲ್ಲೇ. ಮಾತ್ರೆಯಿಂದ ಏನಾಗುತ್ತೆ, ಏನಾಗಲ್ಲ ಅಂತ ಕೊಡುವಾಗಲೇ ಹೇಳಿದ್ದರೆ ಈ ಗೊಂದಲ ಇರುತ್ತಿರಲಿಲ್ಲ.

ಸೂಜಿ ಹಾಕಿ ನೀರು ತೆಗೆಸೋದು ಅಗ್ಗ, ಬೇಗ ಆಗುತ್ತೆ, ಅದೇ ದಿನ ಚೀಲ ಸಣ್ಣಗೂ ಆಗುತ್ತೆ. ಆದರೆ ಜಿನುಗುವ ಗೋಡೆ ಹಾಗೇ ಇರೋದರಿಂದ ಮತ್ತೆ ತುಂಬುತ್ತೆ. ಪ್ರತಿ ಚುಚ್ಚುವಿಕೆಗೂ ಸೋಂಕು, ರಕ್ತಸ್ರಾವದ ಅಪಾಯ. ಒಳಗೆ ಗಡ್ಡೆಯೋ ಹರ್ನಿಯಾದ ಕರುಳೋ ಇದ್ದರೆ ಸೂಜಿ ದೊಡ್ಡ ಅನಾಹುತ ಮಾಡಬಹುದು. ಚಿಕಿತ್ಸೆ ಅಂತ ಇದನ್ನು ಒಪ್ಪಬೇಡಿ.

ಪೂರ್ತಿ ಪರಿಹಾರ ಶಸ್ತ್ರಚಿಕಿತ್ಸೆ. ಸಾಮಾನ್ಯವಾಗಿ ಸೊಂಟದ ಕೆಳಗೆ ಮರಗಟ್ಟಿಸಿ ಅಥವಾ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡ್ತಾರೆ. ಚೀಲ ತೆರೆದು ದ್ರವ ಹರಿಸಿದ ಮೇಲೆ ಎರಡು ದಾರಿಗಳಿವೆ: ಗೋಡೆಯನ್ನು ಒಳಹೊರಗೆ ಮಗುಚಿ ಹೊಲಿಯೋದು, ಅಥವಾ ಗೋಡೆಯ ಬಹುಪಾಲನ್ನು ಕತ್ತರಿಸಿ ತೆಗೆಯೋದು. ಆನೆಕಾಲಿನ ಊತದಲ್ಲಿ ಆ ಗೋಡೆಯ ನಾಳಗಳೇ ಕೆಟ್ಟಿರೋದರಿಂದ, ಮಗುಚಿದರೆ ಮತ್ತೆ ಜಿನುಗುವ ಸಾಧ್ಯತೆ ಇದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಕತ್ತರಿಸಿ ತೆಗೆಯುವ ವಿಧಾನಕ್ಕೆ ಒತ್ತು ಕೊಡುತ್ತೆ. ಕತ್ತರಿಸಿದ ಅಂಚಿನಿಂದ ರಕ್ತ ಜಿನುಗದಂತೆ ಜಾಗ್ರತೆಯಿಂದ ಹೊಲಿಯಬೇಕು. ಇಲ್ಲದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತೆ. ಸರಳ ಹೈಡ್ರೋಸಿಲ್‌ಗೆ ಸರ್ಜನ್ ಮತ್ತು ಅರಿವಳಿಕೆ ವೈದ್ಯರಿರುವ ತಾಲೂಕು ಮಟ್ಟದ ಆಸ್ಪತ್ರೆ ಸಾಕು. ಚರ್ಮ ಆನೆಚರ್ಮದಂತಾಗಿ ಶಿಶ್ನವೇ ಹೂತುಹೋದಂಥ ಸಂದರ್ಭಕ್ಕೆ ಮಂಗಳೂರಿನ ವೆನ್ಲಾಕ್‌ನಂಥ ದೊಡ್ಡ ಆಸ್ಪತ್ರೆ ಬೇಕು.

ಆಪರೇಷನ್‌ಗೆ ಮುಂಚೆ ಬಿಪಿ, ಶುಗರ್ ಪರೀಕ್ಷೆ ಆಗಬೇಕು. ತೊಡೆಸಂದಿನ ಗಾಯ ಒಣಗಿರಬೇಕು, ಯಾಕಂದರೆ ಸೋಂಕು ಇರುವಾಗ ಕತ್ತರಿ ಹಾಕಿದರೆ ಒಳಗೂ ಹರಡುತ್ತೆ. ನಮ್ಮ ಕಾರ್ಮಿಕರ ವಿಷಯದಲ್ಲಿ ದಿನಾ ಸೋಪು ನೀರಲ್ಲಿ ತೊಳೆದು, ಒರೆಸಿ ಒಣಗಿಸಿ, ಗಾಯ ಮಾಗಿಸಿದ ಮೇಲೇ ಆಪರೇಷನ್ ದಿನ ಗೊತ್ತಾಗೋದು. ಆಮೇಲೆ ಚೀಲ ಜೋತು ಬೀಳದಂತೆ ಲಂಗೋಟಿ ಅಥವಾ ಬಿಗಿ ಚಡ್ಡಿ. ಸ್ವಲ್ಪ ಊತ ಕೆಲವು ವಾರ ಇರೋದು ಸಹಜ. ಗಂಟೆಗಳಲ್ಲೇ ದಿಢೀರ್ ಊದಿ ಬಿಗಿಯಾದರೆ, ಜ್ವರ, ಕೀವು ಬಂದರೆ ತಕ್ಷಣ ವಾಪಸ್ ಹೋಗಬೇಕು.

ಬಿಲ್ ಇಲ್ಲದ ಖರ್ಚು

ಭಾರ ಹೊರುವ ಕೆಲಸಕ್ಕೆ ಸುಮಾರು ನಾಲ್ಕು ವಾರ ಹೋಗಬಾರದು. ದಿನಗೂಲಿ 700 ರೂಪಾಯಿ ಅಂತ ಇಟ್ಟುಕೊಳ್ಳಿ. ವಾರಕ್ಕೆ ಆರು ದಿನದಂತೆ 24 ದಿನ, 16,800 ರೂಪಾಯಿ. ಜೊತೆಗೆ ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ಒಬ್ಬರು ನಿಂತರೆ ಅವರ ಕೂಲಿಯೂ ಹೋಯಿತು. ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಆದರೂ ಈ ಹಣ ಕೊಡುವವರು ಯಾರೂ ಇಲ್ಲ. ಹಾಗಾಗಿಯೇ ಊತ ತೆಂಗಿನಕಾಯಿಯಷ್ಟಾಗುವವರೆಗೆ ಮನುಷ್ಯ ಸುಮ್ಮನಿರೋದು. ನಾಚಿಕೆ ಇದೆ, ನಿಜ. ನಾಚಿಕೆಗಿಂತ ಗಟ್ಟಿಯಾದ ಕಾರಣ ಈ 16,800.

ಇನ್ನು ಪಟ್ಟಿಯ ವಿಷಯ. ಆನೆಕಾಲು ನಿರ್ಮೂಲನೆಯಾಗಿದೆ ಅಂತ ಒಂದು ದೇಶಕ್ಕೆ ಮಾನ್ಯತೆ ಸಿಗಲು ಮಕ್ಕಳ ರಕ್ತದ ಲೆಕ್ಕ ಮಾತ್ರ ಸಾಲದು. ಕಾಲು ಊದಿದವರು, ಹೈಡ್ರೋಸಿಲ್ ಇರುವವರು ಎಷ್ಟು ಮಂದಿ, ಅವರಿಗೆ ಚಿಕಿತ್ಸೆ ಎಲ್ಲಿ ಸಿಗುತ್ತೆ ಅನ್ನೋದನ್ನೂ ತೋರಿಸಬೇಕು. ಭಾರತ ಇಟ್ಟುಕೊಂಡಿರುವ ಗುರಿ 2027. ಈ ಪಟ್ಟಿ ಬರೆಯೋಕೆ ಮನೆಮನೆಗೆ ಹೋಗೋದು ಆಶಾ ಕಾರ್ಯಕರ್ತೆಯರು. ಊದಿದ ಕಾಲು ಅಂಗಳದಿಂದಲೇ ಕಾಣುತ್ತೆ. ಊದಿದ ಬೀಜವನ್ನು ಯಾವ ಗಂಡಸು ಪಕ್ಕದ ಮನೆಯ ಅಕ್ಕನ ಹತ್ತಿರ ಹೇಳ್ತಾನೆ? ಅವರು ಕೇಳೋದಾದರೂ ಹೇಗೆ? ಕೋರೆಯ ಶೆಡ್ಡಿನಲ್ಲಿರುವವನಂತೂ ಯಾವ ಮನೆಯ ಲೆಕ್ಕಕ್ಕೂ ಸೇರಲ್ಲ. ಯಾದಗಿರಿಯಲ್ಲಿ ಮಾತ್ರೆ ಹಂಚುವ ದಿನ ಆತ ಇಲ್ಲಿರುತ್ತಾನೆ, ಇಲ್ಲಿ ಮಾತ್ರೆ ಹಂಚೋದೇ ಇಲ್ಲ. ಎರಡೂ ಜಿಲ್ಲೆಗಳ ಕಾಗದ ಸರಿಯಾಗಿಯೇ ಇರುತ್ತೆ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಹೈಡ್ರೋಸಿಲ್ ಪಟ್ಟಿಯನ್ನು ಪುರುಷ ಆರೋಗ್ಯ ಸಿಬ್ಬಂದಿಯಿಂದ ಮಾಡಿಸಬಹುದು, ಕೋರೆ ಮತ್ತು ಕಟ್ಟಡದ ಶೆಡ್ಡುಗಳಿಗೂ ಅವರನ್ನೇ ಕಳಿಸಬಹುದು. ಮಾತ್ರೆ ನಿಂತ ಜಿಲ್ಲೆಯಲ್ಲೂ ಸ್ಟ್ರಿಪ್ ಮತ್ತು ಡಿಇಸಿ ದಾಸ್ತಾನು ಇಡಬಹುದು. ಪುತ್ತೂರು, ಸುಳ್ಯದ ತಾಲೂಕು ಆಸ್ಪತ್ರೆಗಳಲ್ಲಿ ಮಳೆಗಾಲ ನೋಡಿ ಹೈಡ್ರೋಸಿಲ್ ಆಪರೇಷನ್ ದಿನಗಳನ್ನು ಗೊತ್ತು ಮಾಡಬಹುದು, ಯಾಕಂದರೆ ಕೋರೆ ನಿಲ್ಲೋದು ಆಗ. ಕೂಲಿ ಹೇಗೂ ಇರದ ವಾರಗಳಲ್ಲಿ ಮಲಗೋದು ಸುಲಭ. ಕಡಬದ ಸಮುದಾಯ ಆರೋಗ್ಯ ಕೇಂದ್ರದಿಂದ ಅಲ್ಲಿಗೆ ಚೀಟಿ ಬರೆದು ಕಳಿಸುವ ವ್ಯವಸ್ಥೆ ಇದ್ದರೆ ಸಾಕು. ಆರೋಗ್ಯ ಇಲಾಖೆಯ ಸಭೆಯಲ್ಲಿ ಅಥವಾ ಗ್ರಾಮಸಭೆಯಲ್ಲಿ ಕೈಯೆತ್ತುವ ಅವಕಾಶ ನಿಮಗೆ ಸಿಕ್ಕರೆ ಕೇಳಬೇಕಾದ ಪ್ರಶ್ನೆ ಚಿಕ್ಕದು: ಈ ತಾಲೂಕಿನಲ್ಲಿ ಹೈಡ್ರೋಸಿಲ್ ಇರುವವರು ಎಷ್ಟು ಮಂದಿ, ಕಳೆದ ವರ್ಷ ಆಪರೇಷನ್ ಆದದ್ದು ಎಷ್ಟು? ಸೊನ್ನೆ ಅಂತ ಉತ್ತರ ಬಂದರೆ, ಪಟ್ಟಿ ಬರೆದವರು ಯಾರು, ಕೇಳಿದ್ದು ಯಾರನ್ನು ಅಂತ ಮುಂದಿನ ಪ್ರಶ್ನೆ ಹಾಕಿ.